ಆರ್‌ಎಸ್‌ಐ 25 ಅಂದ್ರೆ ಶೇರು ಅಗ್ಗ ಅಂತಲ್ಲ

ನಮ್ಮ ಹುಬ್ಬಳ್ಳಿ ಆಫೀಸಿನ ಟರ್ಮಿನಲ್‌ನಲ್ಲಿ ದಿನಾ ಮಧ್ಯಾಹ್ನ ಒಂದು ಪಟ್ಟಿ ಬರುತ್ತದೆ. ಓವರ್‌ಸೋಲ್ಡ್ ಅಲರ್ಟ್, ಅಂದ್ರೆ ಅತಿಯಾಗಿ ಮಾರಾಟವಾದ ಶೇರುಗಳ ಸೂಚನೆ. ಅದಕ್ಕೆ ಆಧಾರ ಆರ್‌ಎಸ್‌ಐ, ಇತ್ತೀಚಿನ ಏರಿಕೆ ಇಳಿಕೆಗಳನ್ನು ಹೋಲಿಸಿ 0ರಿಂದ 100ರೊಳಗೆ ಬರುವ ಒಂದು ಸಂಖ್ಯೆ. ಆರ್‌ಎಸ್‌ಐ 30ರ ಕೆಳಗೆ ಇಳಿದ ಶೇರುಗಳೆಲ್ಲ ಅದರಲ್ಲಿ ಹಸಿರು ಬಣ್ಣದಲ್ಲಿ ಇರುತ್ತವೆ. ಅದೇ ಪಟ್ಟಿ ಗ್ರಾಹಕರ ಮೊಬೈಲಿಗೂ ಹೋಗುತ್ತದೆ. ಹಸಿರು ಕಂಡರೆ ಜನ ಖರೀದಿ ಅಂತಲೇ ಓದುತ್ತಾರೆ. ಬಣ್ಣ ಬದಲಿಸಿ ಅಂತ ಹೆಡ್ ಆಫೀಸಿಗೆ ಬರೆದಿದ್ದೇವೆ, ಇನ್ನೂ ಬದಲಾಗಿಲ್ಲ.

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ನಮ್ಮ ಹಳೇ ಗ್ರಾಹಕರು. ಒಂದು ಮಿಡ್‌ಕ್ಯಾಪ್ ಶೇರಿಗೆ 600 ರೂಪಾಯಿಯಲ್ಲಿ ಅಲರ್ಟ್ ಬಂತು, ತಗೊಂಡರು. 544ಕ್ಕೆ ಬಂದಾಗಲೂ ಪಟ್ಟಿಯಲ್ಲೇ ಇತ್ತು, ಇನ್ನಷ್ಟು ತಗೊಂಡು ಆವರೇಜ್ ಮಾಡಿದರು. ಅಂಕಿಗಳನ್ನು ಲೆಕ್ಕಕ್ಕೆ ಅನುಕೂಲ ಆಗುವಂತೆ ಸ್ವಲ್ಪ ದುಂಡಗೆ ಮಾಡಿದ್ದೇನೆ.

ಇಷ್ಟು ಬಿದ್ದ ಮೇಲೂ ಆರ್‌ಎಸ್‌ಐ ಯಾಕೆ ಅಲ್ಲೇ ನಿಂತಿತ್ತು? 1978ರಲ್ಲಿ ವೆಲ್ಸ್ ವೈಲ್ಡರ್ ಕೊಟ್ಟ ಸೂತ್ರ ನೋಡಿದರೆ ಗೊತ್ತಾಗುತ್ತದೆ.

```
RS  = AvgGain / AvgLoss
RSI = 100 - 100 / (1 + RS)
```

ಸಾಮಾನ್ಯವಾಗಿ 14 ದಿನದ ಸರಾಸರಿ ಹಿಡಿಯುತ್ತೇವೆ. ನಮ್ಮ ಶೇರಿನಲ್ಲಿ ಏರಿಕೆಯ ಸರಾಸರಿ ದಿನಕ್ಕೆ 2 ರೂಪಾಯಿ, ಇಳಿಕೆಯ ಸರಾಸರಿ 6 ರೂಪಾಯಿ ಇತ್ತು. ಆರ್‌ಎಸ್‌ಐ 25 ಬರುತ್ತದೆ. ಇದೇ ಸರಾಸರಿ ಮುಂದುವರಿದರೆ ಶೇರು ದಿನಕ್ಕೆ ಸುಮಾರು 4 ರೂಪಾಯಿ ಕಳೆದುಕೊಳ್ಳುತ್ತಲೇ ಇರುತ್ತದೆ. 14 ದಿನಕ್ಕೆ 56 ರೂಪಾಯಿ ಹೋಯಿತು. ಆರ್‌ಎಸ್‌ಐ ಮಾತ್ರ ಇನ್ನೂ 25ರಲ್ಲೇ ಇರುತ್ತದೆ. ಯಾಕಂದ್ರೆ ಶೇರಿನ ಬೆಲೆ ಎಷ್ಟು ಅನ್ನೋದು ಈ ಸೂತ್ರದಲ್ಲಿ ಎಲ್ಲೂ ಇಲ್ಲ. ಏರಿಕೆ ಮತ್ತು ಇಳಿಕೆಯ ಅನುಪಾತ ಮಾತ್ರ ಇದೆ. ಇಳಿಕೆ ಒಂದೇ ಹದದಲ್ಲಿ ಸಾಗಿದರೆ ಸಂಖ್ಯೆ ಅಲ್ಲಾಡುವುದೇ ಇಲ್ಲ.

ಆಮೇಲೆ ಎರಡು ದಿನ ಶೇರು ಏರಿತು. ಒಂದು ದಿನ 20, ಮರುದಿನ 10. ಬೆಲೆ 574. ಆರ್‌ಎಸ್‌ಐ 42ಕ್ಕೆ ಹಾರಿತು. ಕಳೆದ 56ರಲ್ಲಿ 30 ವಾಪಸ್ ಬಂದಿತ್ತು ಅಷ್ಟೇ. ಪಟ್ಟಿಯಿಂದ ಹೆಸರೂ ಹೋಯಿತು. ಮುಂದಿನ ಎರಡು ದಿನ 30, 24 ರೂಪಾಯಿ ಬಿದ್ದು 520ಕ್ಕೆ ಬಂತು. ಆರ್‌ಎಸ್‌ಐ 28. ಮತ್ತೆ ಅಲರ್ಟ್, ಮತ್ತೆ ಹಸಿರು.

ಮೂರು ಗಂಟೆ ದಾಟಿತ್ತು, ಮಾರ್ಕೆಟ್ ಮುಚ್ಚುವ ಹೊತ್ತು. ರೆಕಾರ್ಡಿಂಗ್ ಲೈನಿಗೆ ಆ ವ್ಯಾಪಾರಿಯ ಫೋನ್ ಬಂತು.

"ಏನ್ರೀ, ರೇಟು ಕೆಳಗ ಹೋಗೇತಿ, ಆರ್‌ಎಸ್‌ಐ ಹಿಂದಿನಕಿಂತ ಮ್ಯಾಲ ಐತಿ. ಡೈವರ್ಜೆನ್ಸ್ ಅಲ್ಲೇನ್ರೀ ಇದು? ಡಬಲ್ ಹಾಕ್ರಿ."

"ಸಾವ್ಕಾರ್ರ, ಒಂದ್ ನಿಮಿಷ ತಡೀರಿ. 200 ದಿನದ ಆವರೇಜ್ ಎಲ್ಲೈತಿ ನೋಡ್ರಿ. 710ರಾಗ ಐತಿ, ಅದೂ ಇಳ್ಯಾಕತ್ತೈತಿ."

"ಅದು ಹಳೇ ಕಥಿ ಬಿಡ್ರಿ. ಇಷ್ಟು ಬಿದ್ದಿದ್ದು ಇನ್ನೆಲ್ಲಿ ಬೀಳತೈತಿ?"

ಬೆಲೆ ಹಿಂದಿನದಕ್ಕಿಂತ ಕೆಳಗೆ, ಆರ್‌ಎಸ್‌ಐ ಹಿಂದಿನದಕ್ಕಿಂತ ಮೇಲೆ ಇದ್ದರೆ ಅದು ಡೈವರ್ಜೆನ್ಸ್, ಇಳಿಕೆ ಮುಗಿಯುವ ಸೂಚನೆ ಅನ್ನೋದು ಅವರು ಓದಿಯೇ ಹೇಳಿದ್ದು. ಆದರೆ 28 ಬಂದದ್ದು ಆ ಎರಡು ದಿನದ ಏರಿಕೆ ಸರಾಸರಿಯಲ್ಲಿ ಇನ್ನೂ ಉಳಿದಿದ್ದಕ್ಕೆ. ಹೊಸ ಖರೀದಿದಾರರು ಬಂದಿದ್ದಕ್ಕಲ್ಲ. ಬಲವಾದ ಇಳಿಕೆಯಲ್ಲಿ ಇಂಥ ಡೈವರ್ಜೆನ್ಸ್ ಮೇಲಿಂದ ಮೇಲೆ ಕಾಣಿಸಿ ಹುಸಿಯಾಗುತ್ತದೆ. ಇದನ್ನೆಲ್ಲ ಫೋನಿನಲ್ಲಿ, ಮುಚ್ಚುವ ಗಡಿಬಿಡಿಯಲ್ಲಿ ಹೇಗೆ ವಿವರಿಸೋದು? ಅವರು ಕ್ವಾಂಟಿಟಿ ಹೇಳಿದರು, ನಾನು ಓದಿ ಹೇಳಿ ಖಚಿತ ಮಾಡಿಕೊಂಡು ಆರ್ಡರ್ ಹಾಕಿದೆ. ಆ ಶೇರು 430 ನೋಡಿತು. ಸೀಸನ್ನಿಗೆ ಮಾಲು ಹಿಡಿಯೋಕೆ ಇಟ್ಟ ದುಡ್ಡು ಅದು. ನನಗೆ ಇವತ್ತಿಗೂ ಬೇಜಾರಿದೆ.

ಈ ಪಟ್ಟಿಯ ದೊಡ್ಡ ತೊಂದರೆ ಆಯ್ಕೆಯಲ್ಲೇ ಇದೆ. ಜೋರಾಗಿ ಏರುತ್ತಿರುವ ಶೇರು ಸುಸ್ತಾದಾಗ ಆರ್‌ಎಸ್‌ಐ ಬಹಳಷ್ಟು ಸಲ 40ರ ಆಸುಪಾಸಿಗೆ ಬಂದು ತಿರುಗುತ್ತದೆ. 30 ಮುಟ್ಟುವುದು ಅಪರೂಪ. ಹಾಗಾಗಿ ಅಂಥದ್ದು ಅಲರ್ಟಿನಲ್ಲಿ ಬರುವುದೇ ಕಡಿಮೆ. ಇಳಿಯುತ್ತಿರುವ ಶೇರು ಉಲ್ಟಾ, 60 ಮುಟ್ಟುವ ಮೊದಲೇ ಮತ್ತೆ ಬೀಳುತ್ತದೆ. 30ರ ಕೆಳಗೆ ಹುಡುಕಿದರೆ ಎಲ್ಲಕ್ಕಿಂತ ಜೋರಾಗಿ ಬೀಳುತ್ತಿರುವವೇ ಜಾಸ್ತಿ ಸಿಗುತ್ತವೆ. ಒಂದು ಮಿತಿಯೊಳಗೆ ಮೇಲೆ ಕೆಳಗೆ ಆಡುವ ಶೇರಿಗೆ ಇದೇ ಅಲರ್ಟ್ ಚೆನ್ನಾಗಿ ಕೆಲಸ ಮಾಡುತ್ತದೆ, ಅದನ್ನು ನಾನು ಅಲ್ಲಗಳೆಯಲ್ಲ.

ಈಗ ನಮ್ಮ ಡೆಸ್ಕಿನಲ್ಲಿ ಪಟ್ಟಿ ಬಂದ ಕೂಡಲೇ 200 ದಿನದ ಆವರೇಜಿನ ಕೆಳಗಿರುವವನ್ನು ಬೇರೆ ಮಾಡುತ್ತೇವೆ. ಉಳಿದವಕ್ಕೆ ಎಡಿಎಕ್ಸ್ ನೋಡುತ್ತೇವೆ, ಏರಿಕೆಯೋ ಇಳಿಕೆಯೋ ಅದಕ್ಕೆ ಎಷ್ಟು ಬಲ ಇದೆ ಅಂತ ಅಳೆಯುವ ಸಂಖ್ಯೆ. ಅದೂ ವೈಲ್ಡರ್ ಅವರದ್ದೇ. 25ರ ಮೇಲಿದ್ದು ಏರುತ್ತಿದ್ದರೆ, ಇಳಿಕೆಯ ಬಲ ತೋರಿಸುವ ಮೈನಸ್ ಡಿಐ ಗೆರೆ ಏರಿಕೆಯ ಪ್ಲಸ್ ಡಿಐ ಗೆರೆಗಿಂತ ಮೇಲಿದ್ದರೆ, ಇಳಿಕೆಗೆ ಇನ್ನೂ ದಮ್ಮಿದೆ ಅಂತ ಹಿಡಿಯುತ್ತೇವೆ. ಇದರಲ್ಲೂ ತೂತಿದೆ. ಎತ್ತರದಿಂದ ದಿಢೀರ್ ಕುಸಿದ ಶೇರು ಮೊದಲ ಕೆಲವು ದಿನ 200 ದಿನದ ಆವರೇಜಿನ ಮೇಲೇ ಇರುತ್ತದೆ, ಎಡಿಎಕ್ಸ್ ನಿಧಾನಕ್ಕೆ ಎಚ್ಚೆತ್ತುಕೊಳ್ಳುತ್ತದೆ. ಆ ಹೊತ್ತಿನ ಅಲರ್ಟ್ ಎರಡೂ ಜರಡಿ ದಾಟಿ ಬಂದುಬಿಡುತ್ತದೆ. ಅದಕ್ಕೆ ಅಂಥ ಶೇರು ಹಿಂದಿನ ದಿನದ ಹೈ ಮೇಲೆ ಕ್ಲೋಸ್ ಕೊಡುವವರೆಗೆ ನಾನು ಯಾರಿಗೂ ಫೋನ್ ಮಾಡುವುದಿಲ್ಲ.