ಬಿದಿರ ಕಡ್ಡಿಯ ನಕ್ಷತ್ರ

ಡಿಸೆಂಬರ್ ಬಂತು ಅಂದ್ರೆ ಮಂಗಳೂರಿನ ನಮ್ಮ ಮನೆಯಲ್ಲಿ ಕ್ರಿಸ್ಮಸ್ ನಕ್ಷತ್ರದ ಕೆಲಸ ಶುರು. ಎರಡಡಿಯ 10 ಬಿದಿರ ಕಡ್ಡಿ ಸಾಕು. ಐದೈದರಲ್ಲಿ ಒಂದೊಂದು ನಕ್ಷತ್ರ ಕಟ್ಟಿ, ಒಂದರ ಮೇಲೊಂದಿಟ್ಟು ತುದಿಗಳನ್ನಷ್ಟೇ ದಾರದಿಂದ ಬಿಗಿಯಬೇಕು. ನಡುವೆ ಕಡ್ಡಿಗಳು ಒಂದನ್ನೊಂದು ದಾಟುವ ಐದೂ ಕಡೆ ಆರಿಂಚಿನ ತುಂಡು ಸಿಕ್ಕಿಸಿದರೆ ಹೊಟ್ಟೆ ಉಬ್ಬುತ್ತದೆ. ಒಂದೇ ಒಂದು ಕಡ್ಡಿ ದಪ್ಪವಿದ್ದರೂ ಅದು ಸರಿಯಾಗಿ ಬಾಗದೆ ನಕ್ಷತ್ರ ಸೊಟ್ಟಗಾಗುತ್ತದೆ. ಅದಕ್ಕೇ ಮೊದಲೇ ಎಲ್ಲವನ್ನೂ ಬಾಗಿಸಿ ನೋಡುವುದು.

ಮೈದಾ ಅಂಟನ್ನು ಕಡ್ಡಿಗೆ ಮಾತ್ರ ಸವರಿ. ಟಿಶ್ಯೂ ಕಾಗದಕ್ಕೆ ಸವರಿದರೆ ಎತ್ತುವಷ್ಟರಲ್ಲೇ ಹರಿಯುತ್ತದೆ. ಅಂಗಡಿಯಲ್ಲಿ ಮಡಚುವ ನಕ್ಷತ್ರ ಸಿಗುತ್ತೆ, ನಿಜ. ಆದ್ರೆ ಬಿದಿರ ಕಡ್ಡಿಯ ನೆರಳು ಕಾಗದದ ಮೇಲೆ ಮೂಡುವುದು ಇದರಲ್ಲೇ ಅಲ್ವಾ?

ಹಿಂಬದಿಯ ಒಂದು ಮೂಲೆಯನ್ನು ಬಲ್ಬ್ ಹಾಕಲು ತೆರೆದಿಡಿ. ಹಳೇ ತಂತಿ ಬಲ್ಬ್ ಬೇಡ, ಬಿಸಿಗೆ ಕಾಗದ ಸುಡುತ್ತದೆ. ಸಣ್ಣ ಎಲ್‌ಇಡಿ ಹಾಕಿ.