ಊರು ಕೈವಶವಾದ ಮೇಲೆ ಒಡೆದರೂ ಅದು ದಾಳಿಯೇ?

ಮೈಸೂರಿನ ಕಾನೂನು ವಿದ್ಯಾರ್ಥಿಗಳ ಜೊತೆ ಶ್ರೀರಂಗಪಟ್ಟಣದ ಕೋಟೆಯೊಳಗೆ ಒಂದು ದಿನ ಕಳೆದೆವು. ಯುದ್ಧಕಾಲದಲ್ಲಿ ಸಾಂಸ್ಕೃತಿಕ ಆಸ್ತಿಯ ರಕ್ಷಣೆ ಎಂಬ ವಿಷಯಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಒಂದೇ ಗೋಡೆಯ ಒಳಗೆ ರಂಗನಾಥಸ್ವಾಮಿ ದೇವಸ್ಥಾನವಿದೆ, ಜಾಮಿಯಾ ಮಸೀದಿಯಿದೆ, ಟಿಪ್ಪುವಿನ ಮದ್ದಿನ ಮನೆಗಳೂ ಇವೆ. (ಅದರಲ್ಲೊಂದನ್ನು 2017ರಲ್ಲಿ ಜೋಡಿ ರೈಲು ಹಳಿಗಾಗಿ ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿದರು.)

ಇವತ್ತಿನ ಕಾನೂನನ್ನು 1799ಕ್ಕೆ ಅನ್ವಯಿಸಲು ಬರುವುದಿಲ್ಲ. ಕಾನೂನಿನ ತರ್ಕ ಕಲಿಯಲು ಮಾತ್ರ ಈ ಜಾಗವನ್ನು ಬಳಸಬಹುದು. ಮದ್ದು ತುಂಬಿದ ಮನೆ ಸೈನಿಕ ಗುರಿ, ಅದಕ್ಕೆ ಗುಂಡು ಹಾರಿಸಬಹುದು. ದೇವಸ್ಥಾನಕ್ಕೆ ಹಾರಿಸುವಂತಿಲ್ಲ. ಗೋಪುರದ ಮೇಲೆ ಫಿರಂಗಿ ಏರಿಸಿದರೆ ಆಗ ಮಾತು ಬೇರೆ. ಆದರೂ ಯುದ್ಧದಲ್ಲಿ ಸಾಂಸ್ಕೃತಿಕ ಆಸ್ತಿ ಕಾಪಾಡುವ 1954ರ ಹೇಗ್ ಒಪ್ಪಂದಕ್ಕೆ 1999ರಲ್ಲಿ ಸೇರಿಸಿದ ಎರಡನೇ ಪ್ರೋಟೋಕಾಲ್ ಪ್ರಕಾರ ಬೇರೆ ದಾರಿಯೇ ಇಲ್ಲ ಎಂದಿರಬೇಕು, ಸಾಮಾನ್ಯವಾಗಿ ಬೆಟಾಲಿಯನ್ ಮಟ್ಟದ ಅಧಿಕಾರಿಯೇ ನಿರ್ಧರಿಸಬೇಕು, ಸಾಧ್ಯವಿದ್ದರೆ ಮುಂಚೆ ಎಚ್ಚರಿಕೆ ಕೊಡಬೇಕು.

ಇಷ್ಟರವರೆಗೆ ಯಾರಿಗೂ ತೊಡಕಿರಲಿಲ್ಲ. ವಾಯವ್ಯದ ಕಡೆ, ಬ್ರಿಟಿಷರು ಗೋಡೆ ಒಡೆದು ನುಗ್ಗಿದ ಜಾಗದ ಹತ್ತಿರ, ಮಂಡ್ಯದ ಹುಡುಗಿಯೊಬ್ಬಳು ಕೇಳಿದಳು: “ಸರ್, ಮೇ 4ಕ್ಕೆ ಕೋಟೆ ಬಿತ್ತು. ಟಿಪ್ಪುವಿನ ಸಿಂಹಾಸನ ಒಡೆದು ಚೂರು ಮಾಡಿದ್ದು ಆಮೇಲೆ. ಕಾದಾಟವೇ ಮುಗಿದಿರುವಾಗ ಅದನ್ನು ದಾಳಿ ಅನ್ನೋಕೆ ಆಗುತ್ತಾ?”

ಸಿಂಹಾಸನದ ಮಟ್ಟಿಗೆ ಉತ್ತರ ಸುಲಭ. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ಆಧಾರವಾದ ರೋಮ್ ಶಾಸನದಲ್ಲಿ ಇಂಥ ದಾಳಿಯನ್ನು ಯುದ್ಧಾಪರಾಧ ಎನ್ನುವ ಕಲಮು ಹೇಳುವುದು ಕಟ್ಟಡ ಮತ್ತು ಸ್ಮಾರಕಗಳ ಬಗ್ಗೆ. ಗೆದ್ದವರು ಹಂಚಿಕೊಳ್ಳಲೆಂದು ಒಡೆದ ಸಿಂಹಾಸನವನ್ನು ಇವತ್ತಾದರೆ ಲೂಟಿ ಎಂಬ ಬೇರೆಯ ಅಪರಾಧದಡಿ ನೋಡಬೇಕಾಗುತ್ತದೆ. ಆದರೆ ವಶವಾದ ಊರಿನಲ್ಲಿ ಕಟ್ಟಡವನ್ನೇ ಕೆಡವಿದರೆ? ಆ ನ್ಯಾಯಾಲಯದ ಮುಂದೆ ಮಾಲಿ ದೇಶದ ಟಿಂಬಕ್ಟು ಪ್ರಕರಣದಲ್ಲಿ ಎದ್ದದ್ದು ಇದೇ ಪ್ರಶ್ನೆ.

2012ರಲ್ಲಿ ಆ ಊರು ಸಶಸ್ತ್ರ ಗುಂಪುಗಳ ಹಿಡಿತದಲ್ಲಿತ್ತು. ಜೂನ್ ಕೊನೆಯಿಂದ ಜುಲೈ 11ರೊಳಗೆ ಒಂಬತ್ತು ಸಂತರ ಗೋರಿಮನೆಗಳನ್ನು ಕೆಡವಿದರು, ಸಿದಿ ಯಹ್ಯಾ ಮಸೀದಿಯ ಬಾಗಿಲನ್ನು ಒಡೆದರು. ಪ್ರಳಯದ ದಿನದವರೆಗೆ ತೆರೆಯಬಾರದೆಂದು ಜನ ನಂಬಿದ್ದ ಬಾಗಿಲು ಅದು. ಹತ್ತರಲ್ಲಿ ಒಂದು ಬಿಟ್ಟು ಉಳಿದವೆಲ್ಲ ವಿಶ್ವಪರಂಪರೆಯ ಪಟ್ಟಿಯಲ್ಲಿದ್ದವು. ಅಲ್ಲಿ ಗುಂಡಿನ ಕಾಳಗವಿರಲಿಲ್ಲ; ಗುದ್ದಲಿ, ಪಿಕಾಸಿಗಳಿಂದಲೇ ಹೆಚ್ಚಿನ ಕೆಲಸ ಮುಗಿಸಿದರು. ಆರೋಪಿ ಅಹ್ಮದ್ ಅಲ್ ಫಕಿ ಅಲ್ ಮಹ್ದಿ ನೈತಿಕ ಪೊಲೀಸ್ ದಳದ ಮುಖ್ಯಸ್ಥನಾಗಿದ್ದ. ಉಪಕರಣ ಒದಗಿಸಿದ, ಶುಕ್ರವಾರದ ಪ್ರವಚನ ಬರೆದ, ಐದು ಕಡೆ ತಾನೇ ಕೈಹಾಕಿದ.

ತನ್ನ ವಶದಲ್ಲೇ ಇರುವ ಕಟ್ಟಡದ ಮೇಲಿನ ಯಾವುದೇ ಹಿಂಸಾಕೃತ್ಯವೂ ದಾಳಿಯೇ, ಹೋರಾಟ ನಡೆಯುತ್ತಿತ್ತೋ ಮುಗಿದಿತ್ತೋ ಎಂಬುದು ಮುಖ್ಯವಲ್ಲ ಎಂದಿತು ನ್ಯಾಯಪೀಠ. ಅವನು ತಪ್ಪೊಪ್ಪಿಕೊಂಡ, 2016ರ ಸೆಪ್ಟೆಂಬರ್ 27ರಂದು ಒಂಬತ್ತು ವರ್ಷ ಶಿಕ್ಷೆಯಾಯಿತು. ಕೆಡವುವುದು ಬೇಡವೆಂದು ಮೊದಲು ಅವನೇ ಸಲಹೆ ಕೊಟ್ಟಿದ್ದು, ಒಂದು ಕಡೆ ಬಿಟ್ಟು ಬೇರೆಲ್ಲೂ ಬುಲ್ಡೋಜರ್ ಬೇಡವೆಂದದ್ದು, ಇವೆರಡೂ ಶಿಕ್ಷೆ ಇಳಿಸುವ ಅಂಶಗಳಾದವು.

ಇಲ್ಲಿಗೇ ಪಾಠ ಮುಗಿಸಿದರೆ ವಿದ್ಯಾರ್ಥಿಗಳಿಗೆ ಅರ್ಧ ಚಿತ್ರವಷ್ಟೇ ಸಿಗುತ್ತದೆ. ಅದೇ ನ್ಯಾಯಾಲಯ, ಅದೇ ಕಲಮು, ಕಾಂಗೋದ ಬಂಡುಕೋರ ಸೇನಾನಾಯಕ ಎನ್ಟಗಾಂಡನ ಪ್ರಕರಣದಲ್ಲಿ ಬೇರೆ ದಾರಿ ಹಿಡಿಯಿತು. ಸಾಯೋ ಎಂಬಲ್ಲಿನ ಚರ್ಚಿನ ಮೇಲೆ ಕೈಮಾಡಿದ್ದು ಊರನ್ನು ಹಿಡಿದ ಸ್ವಲ್ಪ ಸಮಯದ ನಂತರ; ಆದ್ದರಿಂದ ಅದು ಹೋರಾಟದ ನಡುವಿನ ದಾಳಿಯಲ್ಲ ಎಂದು 2019ರಲ್ಲಿ ತೀರ್ಪು ಬಂತು. 2021ರ ಮೇಲ್ಮನವಿಯಲ್ಲೂ ಬಹುಮತ ಅದನ್ನು ಬದಲಿಸಲಿಲ್ಲ. ನಮಗೆ ಟಿಂಬಕ್ಟು ತೀರ್ಪೇ ಸರಿ ಎನಿಸುತ್ತದೆ. ಸ್ಮಾರಕಗಳು ಹೋಗುವುದು ಗೆದ್ದವರು ಊರಿನಲ್ಲಿ ನಿಶ್ಚಿಂತೆಯಿಂದ ಓಡಾಡುವಾಗಲೇ. ಆ ಹೊತ್ತನ್ನು ಬಿಟ್ಟರೆ ಕಲಮಿಗೆ ಉಳಿಯುವ ಕೆಲಸ ತೀರಾ ಕಡಿಮೆ.

ಇನ್ನು ಸಾಕ್ಷ್ಯ. ಟಿಂಬಕ್ಟುವಿನಲ್ಲಿ ಕೆಡವಿದವರೇ ಚಿತ್ರೀಕರಣಕ್ಕೆ ಅಡ್ಡಿ ಮಾಡಲಿಲ್ಲ. ಅದರ ಜೊತೆಗೆ ಮೊದಲಿನ ಮತ್ತು ನಂತರದ ಉಪಗ್ರಹ ಚಿತ್ರಗಳು, ಹಳೆಯ ಫೋಟೊಗಳು ಇದ್ದವು. ನಮ್ಮ ಕೋಟೆಯ ಗೋಡೆ ನೋಡಿ: ಯಾವ ಕಲ್ಲು 1799ರ ಗುಂಡಿಗೆ ಬಿತ್ತು, ಯಾವುದು ಬೇರು ನುಗ್ಗಿ, ಮಳೆಗೆ ನೆನೆದು ಬಿತ್ತು ಎಂದು ಈಗ ಹೇಳುವುದು ಕಷ್ಟ. ಶಾಂತಿಕಾಲದಲ್ಲೇ ಸಿದ್ಧತೆ ಮಾಡಿಕೊಳ್ಳಿ ಎಂದು 1954ರ ಹೇಗ್ ಒಪ್ಪಂದದ 3ನೇ ವಿಧಿ ಹೇಳುತ್ತದೆ. ಅದನ್ನು ಕೆಲಸಕ್ಕೆ ಇಳಿಸುವುದೆಂದರೆ ಪ್ರತಿ ಗೋಡೆಯನ್ನೂ ನೇರ ಎದುರಿನಿಂದ, ಅಳತೆಪಟ್ಟಿ ಇಟ್ಟು, ದಿನಾಂಕ ಹಾಕಿ ಚಿತ್ರ ತೆಗೆಯುವುದು. ಈಗಾಗಲೇ ಇರುವ ಬಿರುಕು, ಮುಕ್ಕುಗಳನ್ನು ಗುರುತು ಮಾಡುವುದು. ಒಂದು ಪ್ರತಿಯನ್ನು ಬೇರೆ ಊರಿನಲ್ಲಿಡುವುದು. ಅದೇ ಸಂಜೆ ವಿದ್ಯಾರ್ಥಿಗಳು ಗೋಡೆಯ ಒಂದು ತುಂಡನ್ನು ಹೀಗೆ ದಾಖಲಿಸಿದರು. ಬಿಸಿಲು ಓರೆಯಾಗಿ ಬೀಳುವಾಗ ಸಣ್ಣ ಬಿರುಕುಗಳೂ ನೆರಳಿನಿಂದ ಎದ್ದು ಕಾಣುತ್ತವೆ.

ಭಾರತ 1954ರ ಒಪ್ಪಂದಕ್ಕೆ 1958ರಲ್ಲೇ ಸೇರಿದೆ. ಎರಡನೇ ಪ್ರೋಟೋಕಾಲಿಗೂ ರೋಮ್ ಶಾಸನಕ್ಕೂ ಸೇರಿಲ್ಲ. ಹಾಗಾಗಿ ಇಲ್ಲಿ ಇಂಥದ್ದೇನಾದರೂ ನಡೆದರೆ ತಪ್ಪಿತಸ್ಥರನ್ನು ವಿಚಾರಿಸುವ ಹೊಣೆ, ಒಪ್ಪಂದದ 28ನೇ ವಿಧಿಯಂತೆ, ಮೊದಲು ನಮ್ಮ ಕೋರ್ಟುಗಳದ್ದೇ. ಆಗ ಅವುಗಳ ಮುಂದಿಡಲು ಆ ಫೋಟೊಗಳು ಬೇಕಾಗುತ್ತವೆ.