"ಲೈಫ್ ಸಪೋರ್ಟ್ ಬೇಡ" ಅಂತ ಒಂದು ಸಾಲು ಬರೆದ್ರೆ ಸಾಕಾ?

"ಅಮ್ಮಂಗೆ ನಾಲ್ಕನೇ ಸ್ಟೇಜ್ ಕ್ಯಾನ್ಸರ್. ಕೊನೆಗಾಲದಲ್ಲಿ ವೆಂಟಿಲೇಟರ್ ಹಾಕಿ ನರಳಿಸ್ಬೇಡಿ, ಈಗ್ಲೇ ಬರೆದಿಡ್ತೀನಿ ಅಂತಿದಾರೆ. ಏನಂತ ಬರೆದ್ರೆ ಆಮೇಲೆ ನಮ್ಮನಮ್ಮಲ್ಲಿ ಜಗಳ ಆಗಲ್ಲ?"

ಗಂಭೀರ ಕಾಯಿಲೆಯವರ ನೋವು, ನರಳಾಟ ಕಡಿಮೆ ಮಾಡೋ ಪ್ಯಾಲಿಯೇಟಿವ್ ಕೇರ್‌ನಲ್ಲಿ ಕೆಲಸ ಮಾಡೋದ್ರಿಂದ ಇಂಥ ಕಾಗದಗಳನ್ನ ತುಂಬಾ ಓದ್ತೀನಿ. ಹೆಚ್ಚಿನವುಗಳಲ್ಲಿ ಇರೋದು ಒಂದೇ ಸಾಲು, "ಗುಣವಾಗುವ ಭರವಸೆ ಇಲ್ಲದಿದ್ದರೆ ನನಗೆ ಲೈಫ್ ಸಪೋರ್ಟ್ ಬೇಡ". ಬರೆದವರ ಮನಸ್ಸಲ್ಲಿ ಅದರ ಅರ್ಥ ಸ್ಪಷ್ಟವಾಗೇ ಇರುತ್ತೆ, ಆದ್ರೆ ಅದನ್ನ ಓದೋ ಹೊತ್ತಿಗೆ ಅವರು ಮಾತಾಡೋ ಸ್ಥಿತೀಲಿ ಇರಲ್ಲ, ಆಗ ಆ ಸಾಲನ್ನ ಒಬ್ಬೊಬ್ರು ಒಂದೊಂದು ಥರ ಓದ್ತಾರೆ.

ಒಂದು ಉದಾಹರಣೆ ತಗೊಳ್ಳಿ. 62 ವರ್ಷದ ಅಮ್ಮ, ಶ್ವಾಸಕೋಶದ ಕ್ಯಾನ್ಸರ್, ಮೂಳೆಗೂ ಹರಡಿದೆ. ಕ್ಯಾನ್ಸರ್ ಕೋಶಗಳನ್ನೇ ಗುರಿಯಾಗಿಸೋ ಟಾರ್ಗೆಟೆಡ್ ಮಾತ್ರೆ ದಿನಾ ಒಂದು ತಗೊಳ್ತಾರೆ, ಗಡ್ಡೆ ಕುಗ್ಗಿದೆ, ಓಡಾಡ್ಕೊಂಡು ಆರಾಮಾಗಿದಾರೆ. ಮೇಲಿನ ಒಂದು ಸಾಲನ್ನ ಬರೆದು ಸಹಿ ಹಾಕಿಟ್ಟಿದಾರೆ. ಒಂದಿನ ಇದ್ದಕ್ಕಿದ್ದಂತೆ ಉಸಿರಾಟ ಕಷ್ಟ ಆಗಿ ಆಕ್ಸಿಜನ್ ಇಳಿದು ಎಮರ್ಜೆನ್ಸಿಗೆ ಬರ್ತಾರೆ, ಎಕ್ಸ್‌ರೇಲಿ ಎರಡೂ ಕಡೆ ಬಿಳಿ ಬಿಳಿ ಕಾಣ್ತಿದೆ. ಮಗಳು ಕಾಗದ ತೋರಿಸಿ, ಕ್ಯಾನ್ಸರ್ ಗುಣ ಆಗಲ್ಲ ಅಂತ ಡಾಕ್ಟರೇ ಹೇಳಿದಾರಲ್ಲ, ಅಮ್ಮ ಬೇಡ ಅಂತ ಬರೆದಿದಾರೆ, ವೆಂಟಿಲೇಟರ್ ಟ್ಯೂಬ್ ಹಾಕ್ಬೇಡಿ ಅಂತಾಳೆ. ಮಗ, ಇದು ಕ್ಯಾನ್ಸರ್ ಅಲ್ಲ ನಿಮೋನಿಯಾ, ವಾಸಿ ಆಗುತ್ತೆ, ಭರವಸೆ ಇದೆ, ಹಾಕಿ ಅಂತಾನೆ. ಕಾಗದದ ಪ್ರಕಾರ ಇಬ್ಬರದ್ದೂ ಸರಿ! ಇನ್ನೊಂದು ವಿಷ್ಯ ಅಂದ್ರೆ ಅದು ಸೋಂಕೂ ಆಗಿರಬಹುದು, ಅದೇ ಮಾತ್ರೆಯಿಂದ ಶ್ವಾಸಕೋಶ ಉರಿಯೂತ ಆಗಿರೋದೂ ಇರಬಹುದು (ಮಾತ್ರೆ ನಿಲ್ಲಿಸಿ ಸ್ಟೀರಾಯ್ಡ್ ಕೊಟ್ರೆ ಎಷ್ಟೋ ಜನ ಚೇತರಿಸ್ಕೊಳ್ತಾರೆ), ಅಥವಾ ಕ್ಯಾನ್ಸರೇ ಶ್ವಾಸಕೋಶದ ತುಂಬ ಹರಡಿರೋದೂ ಇರಬಹುದು. ಮೊದಲ ರಾತ್ರಿ ಯಾವುದು ಅಂತ ಹೇಳೋದು ಕಷ್ಟ.

ಇಲ್ಲಿ ತೊಡಕು ಇರೋದು "ಗುಣವಾಗುವ" ಅನ್ನೋ ಪದದಲ್ಲಿ. ನಾಲ್ಕನೇ ಸ್ಟೇಜ್‌ನ ಬಹಳಷ್ಟು ಕ್ಯಾನ್ಸರ್‌ಗಳು ಪೂರ್ತಿ ಗುಣ ಆಗಲ್ಲ, ಅದು ಮೊದಲನೇ ದಿನದಿಂದ್ಲೇ ನಿಜ, ಆದ್ರೆ ಚಿಕಿತ್ಸೆ ಹಿಡಿದ್ರೆ ವರ್ಷಗಟ್ಟಲೆ ಬದುಕೋರೂ ಇದಾರೆ. ಹಾಗಾಗಿ ಆ ಷರತ್ತು ಇವತ್ತೇ ಜಾರಿಗೆ ಬಂದಿದೆ ಅಂತಲೂ ಓದಬಹುದು, ಎಂದೂ ಬರಲ್ಲ ಅಂತಲೂ ಓದಬಹುದು. ಅದಕ್ಕೇ ನಾನು ಹೇಳೋದು, ಎರಡು ಸ್ಥಿತಿಗಳನ್ನ ಬೇರೆ ಬೇರೆ ಮಾಡಿ ಬರೀರಿ.

ಮೊದಲನೇ ಸ್ಥಿತಿ, ಚಿಕಿತ್ಸೆ ಇನ್ನೂ ಕೆಲಸ ಮಾಡ್ತಿರೋವಾಗ. ಅದಕ್ಕೆ ಹೀಗೆ ಬರೀಬಹುದು: "ನನ್ನ ಕ್ಯಾನ್ಸರ್ ಚಿಕಿತ್ಸೆಗೆ ಹತೋಟಿಯಲ್ಲಿದ್ದು, ಸೋಂಕು, ಔಷಧಿಯ ಅಡ್ಡಪರಿಣಾಮ ಅಥವಾ ರಕ್ತ ಹೆಪ್ಪುಗಟ್ಟಿದಂಥ, ಸರಿಹೋಗಬಹುದಾದ ಕಾರಣದಿಂದ ನನ್ನ ಸ್ಥಿತಿ ಗಂಭೀರವಾದರೆ, ವೆಂಟಿಲೇಟರ್ ಸೇರಿ ಐಸಿಯು ಚಿಕಿತ್ಸೆಗೆ ನನ್ನ ಒಪ್ಪಿಗೆ ಇದೆ. ಆದರೆ ಇದು ಗರಿಷ್ಠ 5 ದಿನಗಳ ಪ್ರಯತ್ನ ಮಾತ್ರ. ಕಾರಣ ಯಾವುದೆಂದು ಖಚಿತವಾಗದಿದ್ದಾಗಲೂ ಇದೇ ಅನ್ವಯ."

ಕೊನೇ ವಾಕ್ಯ ಬಿಡ್ಬೇಡಿ, ಮೇಲೆ ಹೇಳಿದ ಆ ಮೊದಲ ರಾತ್ರಿಗೆ ಉತ್ತರ ಅದರಲ್ಲೇ ಇರೋದು. ಇನ್ನು 5 ಅನ್ನೋದು ಎಲ್ಲರಿಗೂ ಹೊಂದೋ ಸಂಖ್ಯೆ ಅಲ್ಲ, ನಿಮ್ಮ ಆಂಕಾಲಜಿಸ್ಟ್ ಹತ್ರ ಕೇಳಿ ಹಾಕಿ, ರಕ್ತದ ಕ್ಯಾನ್ಸರ್ ಆದ್ರೆ ಸಾಮಾನ್ಯವಾಗಿ ಇನ್ನಷ್ಟು ದಿನ ಬೇಕಾಗುತ್ತೆ. ಆದ್ರೆ ಯಾವುದಾದ್ರೂ ಒಂದು ಸಂಖ್ಯೆ ಇರಲೇಬೇಕು. "ಸ್ವಲ್ಪ ದಿನ ನೋಡಿ" ಅಂತ ಬರೆದ್ರೆ ಒಬ್ಬರ ಸ್ವಲ್ಪ ದಿನ ಅಂದ್ರೆ ಮೂರು, ಇನ್ನೊಬ್ಬರದ್ದು ಮೂವತ್ತು.

ಪ್ರಯತ್ನ ಫಲಿಸ್ತಾ ಇಲ್ವಾ ಅಂತ ನೋಡೋದು ಹೇಗೆ ಅನ್ನೋದನ್ನೂ ಬರೀರಿ. "5ನೇ ದಿನದ ಹೊತ್ತಿಗೆ ನನಗೆ ಕೊಡುತ್ತಿರುವ ಆಕ್ಸಿಜನ್ ಪ್ರಮಾಣ ಅಥವಾ ಬಿಪಿ ಏರಿಸುವ ಔಷಧಿ ಕಡಿಮೆಯಾಗದೆ ಇದ್ದರೆ, ಅಥವಾ ಮತ್ತೊಂದು ಅಂಗ ಕೈಕೊಟ್ಟರೆ, ಪ್ರಯತ್ನ ಫಲಿಸಿಲ್ಲ ಎಂದು ತಿಳಿಯಬೇಕು. ಆಗ ವೆಂಟಿಲೇಟರ್ ತೆಗೆಯಬೇಕು. ಅವಧಿ ಮುಂದುವರಿಸಲು ಕುತ್ತಿಗೆಯಲ್ಲಿ ರಂಧ್ರ ಮಾಡಿ ಟ್ಯೂಬ್ ಹಾಕುವ ಟ್ರಕಿಯಾಸ್ಟಮಿ ಮಾಡಬಾರದು." ತೆಗೆಯಬೇಕು ಅನ್ನೋ ಪದ ನೇರವಾಗಿ ಇರಲಿ. "ಹಾಕಬಾರದು" ಅಂತ ಮಾತ್ರ ಬರೆದಿದ್ರೆ, ಈಗಾಗ್ಲೇ ಹಾಕಿ ಆಗಿರೋದನ್ನ ತೆಗೆಯೋಕೆ ಯಾರಿಗೂ ಕೈ ಬರಲ್ಲ, ಮಕ್ಕಳು ಒಬ್ಬರ ಮುಖ ಒಬ್ಬರು ನೋಡ್ತಾ ನಿಲ್ತಾರೆ, ಡಾಕ್ಟರೂ ಹಿಂದೆಮುಂದೆ ನೋಡ್ತಾರೆ.

ಎರಡನೇ ಸ್ಥಿತಿ, ಕ್ಯಾನ್ಸರೇ ಮೇಲುಗೈ ಆದಾಗ. ಇಲ್ಲಿ "ಕೊನೇ ಹಂತ" ಅಂತ ಬರೆದು ಬಿಡ್ಬೇಡಿ, ಯಾವುದನ್ನ ಕೊನೇ ಹಂತ ಅಂತೀರಿ ಅನ್ನೋದನ್ನ ಬರೀರಿ. "ಚಿಕಿತ್ಸೆ ನಡೆದರೂ ಕ್ಯಾನ್ಸರ್ ಬೆಳೆಯುತ್ತಿದೆ, ಇನ್ನು ಪ್ರಯೋಜನವಾಗುವ ಕ್ಯಾನ್ಸರ್ ಚಿಕಿತ್ಸೆ ಇಲ್ಲ ಎಂದು ನನಗೆ ಚಿಕಿತ್ಸೆ ಕೊಡುವ ಆಂಕಾಲಜಿಸ್ಟ್ ಮತ್ತು ಇನ್ನೊಬ್ಬ ವೈದ್ಯರು ಕೇಸ್ ಶೀಟ್‌ನಲ್ಲಿ ಬರೆದಿದ್ದರೆ, ಅಥವಾ ಕ್ಯಾನ್ಸರ್‌ನಿಂದಾಗಿಯೇ ನಾನು ಎಚ್ಚರವಿರುವ ಹೊತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ಹಾಸಿಗೆಯಲ್ಲೇ ಇದ್ದು, ಚೇತರಿಕೆ ನಿರೀಕ್ಷೆ ಇಲ್ಲ ಎಂದು ಅವರಿಬ್ಬರೂ ಹೇಳಿದರೆ, ನನ್ನ ಎದೆ ಒತ್ತಬಾರದು, ಶಾಕ್ ಕೊಡಬಾರದು, ಗಂಟಲಿಗೆ ಟ್ಯೂಬ್ ಹಾಕಬಾರದು, ಡಯಾಲಿಸಿಸ್ ಮಾಡಬಾರದು, ಬಿಪಿ ಏರಿಸುವ ಡ್ರಿಪ್ ಹಾಕಬಾರದು, ಐಸಿಯುಗೆ ಸೇರಿಸಬಾರದು. ಈ ಯಾವುದಾದರೂ ಶುರುವಾಗಿದ್ದರೆ ನಿಲ್ಲಿಸಬೇಕು."

ಒಂದೊಂದನ್ನೂ ಹೆಸರಿಟ್ಟು ಬರೆಯೋದಕ್ಕೆ ಕಾರಣ ಇದೆ. ಲೈಫ್ ಸಪೋರ್ಟ್ ಅಂದ್ರೆ ಕೆಲವರಿಗೆ ವೆಂಟಿಲೇಟರ್ ಮಾತ್ರ, ಕೆಲವರಿಗೆ ಗ್ಲೂಕೋಸ್ ಡ್ರಿಪ್ಪೂ ಅದೇ. ಜಾಸ್ತಿ ತಕರಾರು ಬರೋದು ಮಧ್ಯದಲ್ಲಿರೋ ವಿಷಯಗಳಿಗೆ: ಮುಖಕ್ಕೆ ಮಾಸ್ಕ್ ಕಟ್ಟೋ ಬೈಪ್ಯಾಪ್, ಮೂಗಿನ ಟ್ಯೂಬಲ್ಲಿ ಆಹಾರ, ಆಂಟಿಬಯಾಟಿಕ್, ರಕ್ತ ಹಾಕೋದು. ಇವುಗಳ ಬಗ್ಗೆ ಅಮ್ಮನ್ನೇ ಕೇಳಿ, ಒಂದೊಂದಕ್ಕೂ ಬೇಕು, ಬೇಡ, ಅಥವಾ ಇಷ್ಟು ದಿನ ನೋಡಿ ಅಂತ ಬರೆಸಿ. ನನ್ನ ಅಭಿಪ್ರಾಯ ಕೇಳಿದ್ರೆ, ಕೊನೇ ದಿನಗಳಲ್ಲಿ ಟ್ಯೂಬ್ ಆಹಾರದ ಬಗ್ಗೆ ಖಂಡಿತ ಬರೀಬೇಕು, ಯಾಕಂದ್ರೆ ಅಮ್ಮನ್ನ ಹಸಿವಲ್ಲಿ ಬಿಟ್ವಿ ಅನ್ನೋ ನೋವು ಮಕ್ಕಳನ್ನ ಬಹಳ ಕಾಲ ಕಾಡುತ್ತೆ. ಕ್ಯಾನ್ಸರ್‌ನ ಕೊನೇ ದಿನಗಳಲ್ಲಿ ಹಸಿವು ತಾನಾಗೇ ಹೋಗಿರುತ್ತೆ, ಟ್ಯೂಬಲ್ಲಿ ಸುರಿದ್ರೆ ಆಯಸ್ಸು ಹೆಚ್ಚೋದು ಅಪರೂಪ, ವಾಂತಿ ಆಗೋದು, ಶ್ವಾಸಕೋಶಕ್ಕೆ ಹೋಗೋದು ಹೆಚ್ಚು. "ಬಾಯಲ್ಲಿ ನುಂಗುವಷ್ಟು ಮಾತ್ರ ಕೊಡಿ, ಬಾಯಿ ಒದ್ದೆಯಾಗಿಡಿ, ಟ್ಯೂಬ್ ಬೇಡ" ಅಂತ ಅಮ್ಮನೇ ಬರೆದಿದ್ರೆ ಆ ಭಾರ ಮಕ್ಕಳ ಮೇಲೆ ಬೀಳಲ್ಲ.

ಬೇಡ ಅನ್ನೋದ್ರ ಪಕ್ಕದಲ್ಲೇ ಬೇಕು ಅನ್ನೋದೂ ಇರಬೇಕು. "ನೋವಿಗೆ, ಉಸಿರುಗಟ್ಟುವಿಕೆಗೆ ಮಾರ್ಫಿನ್ ಮುಂತಾದ ಔಷಧಿಗಳನ್ನು ನನಗೆ ಆರಾಮ ಸಿಗುವಷ್ಟು ಕೊಡಬೇಕು, ಅದರಿಂದ ಮಂಪರು ಬಂದರೂ ಸರಿ." ಈ ಸಾಲು ಇಲ್ಲದಿದ್ರೆ ವೆಂಟಿಲೇಟರ್ ಬೇಡ ಅಂದಿದ್ದನ್ನ ಚಿಕಿತ್ಸೇನೇ ಬೇಡ ಅಂದ ಹಾಗೆ ಓದೋ ಅಪಾಯ ಇದೆ, ಅಥವಾ ಮಾರ್ಫಿನ್ ಕೊಟ್ಟಿದ್ದಕ್ಕೇ ಹೋಗ್ಬಿಟ್ರು ಅಂತ ನೆಂಟರೊಬ್ರು ಆಮೇಲೆ ಗಲಾಟೆ ಎಬ್ಬಿಸ್ತಾರೆ.

ಜನ ಮರೆಯೋ ಇನ್ನೊಂದು ಸಂದರ್ಭ ಆಪರೇಷನ್. ನೋವು ಕಡಿಮೆ ಮಾಡೋಕೆ ಮುರಿದ ಮೂಳೆಗೆ ರಾಡ್ ಹಾಕ್ಬೇಕು ಅಂದ್ಕೊಳ್ಳಿ, ಅರಿವಳಿಕೆ ಕೊಟ್ರೆ ಟ್ಯೂಬ್ ಬೇಕಾಗಬಹುದು. ಕಾಗದದಲ್ಲಿ ಟ್ಯೂಬ್ ಬೇಡ ಅಂತಿದ್ರೆ ಅರಿವಳಿಕೆ ಡಾಕ್ಟರ್ ಏನು ಮಾಡ್ಬೇಕು? "ಆರಾಮಕ್ಕಾಗಿ ನಾನು ಒಪ್ಪಿದ ಆಪರೇಷನ್ ಸಮಯದಲ್ಲಿ ಮತ್ತು ನಂತರದ 24 ಗಂಟೆ ಟ್ಯೂಬ್ ನಿರ್ಬಂಧ ಇರುವುದಿಲ್ಲ, ಆಮೇಲೆ ಮತ್ತೆ ಜಾರಿಗೆ ಬರುತ್ತದೆ" ಅಂತ ಸೇರಿಸಿದ್ರೆ ಮುಗೀತು. ಗಂಟೆ ಎಷ್ಟು ಅನ್ನೋದನ್ನ ಡಾಕ್ಟರ್ ಜೊತೆ ಮಾತಾಡಿ.

ಯಾರ ಮಾತು ಕೊನೇದು ಅನ್ನೋದು ಮುಂದಿನ ಗಂಟು. "ನನ್ನ ಮಕ್ಕಳು ಸೇರಿ ತೀರ್ಮಾನ ಮಾಡಲಿ" ಅಂತ ಪ್ರೀತಿಯಿಂದ ಬರೀತಾರೆ, ಆದ್ರೆ ಜಗಳಕ್ಕೆ ದಾರಿ ಮಾಡೋದೇ ಅದು. ಪ್ರತಿನಿಧಿ ಅಂತ ಒಬ್ಬರ ಹೆಸರು, ಅವರು ಸಿಗದಿದ್ರೆ ಇನ್ನೊಬ್ಬರ ಹೆಸರು, ಅಷ್ಟೇ. ಅದರ ಕೆಳಗೆ: "ಈ ಪತ್ರ ಸ್ಪಷ್ಟವಾಗಿ ಹೇಳಿರುವುದನ್ನು ಯಾರೂ, ನನ್ನ ಪ್ರತಿನಿಧಿಯೂ, ಬದಲಿಸುವಂತಿಲ್ಲ. ಪತ್ರ ಹೇಳದೆ ಬಿಟ್ಟ ವಿಷಯದಲ್ಲಿ ಪ್ರತಿನಿಧಿಯ ಮಾತೇ ಅಂತಿಮ. ಇತರರಿಗೆ ವಿಷಯ ತಿಳಿಸಬೇಕು, ಆದರೆ ಅವರು ಬರುವವರೆಗೆ ಅಥವಾ ಒಪ್ಪುವವರೆಗೆ ಕಾಯಬೇಕಾಗಿಲ್ಲ." ದೂರದಲ್ಲಿರೋ ಮಗ ಬಂದು ಇಳಿದ ತಕ್ಷಣ ಎಲ್ಲ ಮತ್ತೆ ಮೊದಲಿಂದ ಶುರುವಾಗೋದನ್ನ ತಡೆಯೋದು ಈ ಕೊನೇ ವಾಕ್ಯ. ಆದ್ರೂ ಆ ಮಗನಿಗೆ ಅಮ್ಮ ಇದನ್ನ ಈಗ್ಲೇ ತಮ್ಮ ಬಾಯಿಂದಾನೇ ಹೇಳಿರಬೇಕು.

"ಬರೆಯೋವಾಗ ಅಮ್ಮಂಗೆ ಬುದ್ಧಿ ಸ್ಥಿಮಿತದಲ್ಲಿ ಇರಲಿಲ್ಲ" ಅನ್ನೋ ಆಕ್ಷೇಪಣೇನೂ ಬರುತ್ತೆ, ಅದರಲ್ಲೂ ಕ್ಯಾನ್ಸರ್ ಮೆದುಳಿಗೆ ಹೋಗಿದ್ರೆ ಅಥವಾ ಮಾರ್ಫಿನ್ ನಡೀತಿದ್ರೆ. ಸಹಿ ಹಾಕೋ ದಿನವೇ ಡಾಕ್ಟರ್ ಹತ್ರ ಒಂದು ನೋಟ್ ಬರೆಸಿ: ಕಾಯಿಲೆ ಏನು, ಯಾವ ಚಿಕಿತ್ಸೆ ಬೇಡ ಅಂತಿದಾರೆ, ಬೇಡ ಅಂದ್ರೆ ಏನಾಗುತ್ತೆ, ಇದನ್ನೆಲ್ಲ ಅವರೇ ತಮ್ಮ ಮಾತಲ್ಲಿ ಹೇಳಿದ್ರು ಅಂತ. ಅವರು ಹೇಳಿದ ಮಾತನ್ನ ಹಾಗೇ ಒಂದೆರಡು ವಾಕ್ಯ ಬರೆದಿದ್ರೆ ಆ ನೋಟ್‌ಗೆ ಇನ್ನೂ ಬಲ.

ಸಾಕ್ಷಿ ಎಷ್ಟು ಜನ, ಯಾರ ಮುಂದೆ ಸಹಿ ಅನ್ನೋ ನಿಯಮ ಒಂದೊಂದು ದೇಶದಲ್ಲಿ ಒಂದೊಂದು ಥರ, ನಿಮ್ಮಲ್ಲಿ ಏನಿದೆಯೋ ಹಾಗೇ ಮಾಡ್ಸಿ, ಪತ್ರದಿಂದ ಲಾಭ ಇರೋರು ಸಾಕ್ಷಿ ಆಗೋದು ಬೇಡ. ಪ್ರತಿ ಸ್ಕ್ಯಾನ್ ರಿಪೋರ್ಟ್ ಬಂದಾಗ ಅಥವಾ ಚಿಕಿತ್ಸೆ ಬದಲಾದಾಗ ಅಮ್ಮ ಪತ್ರವನ್ನ ಮತ್ತೆ ಓದಿ, ಬದಲಾವಣೆ ಇಲ್ಲ ಅಂದ್ರೆ ತಾರೀಖು ಹಾಕಿ ಸಹಿ ಮಾಡ್ಲಿ. ಬದಲಾವಣೆ ಇದ್ರೆ ಹೊಸದನ್ನ ಪೂರ್ತಿ ಬರೆದು "ಹಿಂದಿನ ಪತ್ರಗಳು ರದ್ದು" ಅಂತ ಮೇಲೇ ಹಾಕಿ, ಹಳೇ ಪ್ರತಿ ಯಾರ ಹತ್ರ ಇದ್ರೂ ವಾಪಸ್ ತಗೊಳ್ಳಿ, ಎರಡು ತಾರೀಖಿನ ಎರಡು ಕಾಗದ ಇಬ್ಬರು ಮಕ್ಕಳ ಕೈಲಿ ಇರೋದು ಬೇಡ್ವೇ ಬೇಡ.

ಮತ್ತೆ ಇದು ಗೊತ್ತಿರಲಿ, ಈ ಪತ್ರ ತಾನಾಗೇ ಡಾಕ್ಟರ್ ಆರ್ಡರ್ ಆಗಲ್ಲ. ಆಂಬುಲೆನ್ಸ್‌ನವರು ಬಂದಾಗ ಸಾಮಾನ್ಯವಾಗಿ ಆರ್ಡರ್ ಇಲ್ಲದೆ ಎದೆ ಒತ್ತೋದನ್ನ ಬಿಡಲ್ಲ, ಪತ್ರ ಓದ್ತಾ ಕೂರೋಕೆ ಅವರಿಗೆ ಟೈಮೂ ಇರಲ್ಲ. ಹಾಗಾಗಿ ಪ್ರತಿ ಸಲ ಅಡ್ಮಿಟ್ ಆದಾಗ ಮೊದಲ ದಿನವೇ ಪತ್ರದ ಪ್ರತಿ ಕೊಟ್ಟು, ಇದರ ಪ್ರಕಾರ ಕೇಸ್ ಶೀಟ್‌ನಲ್ಲಿ ಆರ್ಡರ್ ಬರೆದಿದೀರಾ ಅಂತ ಕೇಳಿ, ರಾತ್ರಿ ಡ್ಯೂಟಿ ಡಾಕ್ಟರ್‌ಗೆ ಹೇಳಿದಾರಾ ಅಂತಾನೂ ಕೇಳಿ. ಮನೇಲಿ ಇರೋ ದಿನಗಳಿಗೆ, ಉಸಿರು ಕಷ್ಟ ಆದ್ರೆ ಮೊದಲು ಯಾರಿಗೆ ಫೋನ್ ಮಾಡ್ಬೇಕು ಅನ್ನೋ ನಂಬರ್ ಪತ್ರದ ಮೊದಲ ಪುಟದ ತಲೇಲೇ ದಪ್ಪಕ್ಷರದಲ್ಲಿ ಇರಲಿ.